ಸೀಟು ಹಿಡಿದ ಕರ್ಚೀಫು

ಶಿಕಾರಿಪುರದ ಕಾಲೇಜಿನಲ್ಲಿ ಸಮಾಜಶಾಸ್ತ್ರದ ಮೇಡಂ ನಮಗೊಂದು ಕೆಲಸ ಹಚ್ಚಿದ್ದರು. ಸೆಮಿಸ್ಟರ್ ಪೂರ್ತಿ ಓದಿದ ಪಾಠಗಳಿಂದ ಮುಖ್ಯ ಪದಗಳನ್ನು ಆರಿಸಿ, ಮನೆಯವರಿಗೂ ತಿಳಿಯುವ ಮಾತಿನಲ್ಲಿ ಅರ್ಥ ಬರೆದು, ದಿನನಿತ್ಯದ ಉದಾಹರಣೆ ಕೊಡಬೇಕು. ನನಗೆ ಜೋಡಿಯಾಗಿ ಸಿಕ್ಕವಳು ನನ್ನ ಗೆಳತಿ, ಆನವಟ್ಟಿಯ ಟೈಲರ್ ಮಗಳು. ನಮ್ಮದೂ ಅದೇ ಊರು, ಅದೇ ಬಸ್ಸು.

ಜಗಳ ಹತ್ತಿದ್ದು ‘ಲೋಕರೂಢಿ’ ಎಂಬ ಪದಕ್ಕೆ. ಬಸ್ಸಿನ ಕಿಟಕಿಯಿಂದ ಕರ್ಚೀಫು ಹಾಕಿ ಸೀಟು ಹಿಡಿಯುವುದನ್ನು ಅವಳು ಉದಾಹರಣೆಯಾಗಿ ಬರೆದಳು. ನನಗೆ ಸಿಟ್ಟು ಬಂತು.

“ಅದು ಬರೀ ರೂಢಿ ಅಲ್ಲ ಕಣೆ, ನೈತಿಕ ನಿಯಮ. ಮುರಿದ್ರೆ ಜನ ಸುಮ್ನೆ ಬಿಡಲ್ಲ” ಎಂದೆ.

“ಮುದುಕರ ಮೇಲೆ ಕೈ ಮಾಡಿದ್ರೆ ಬಿಡಲ್ಲ. ಅದು ನೈತಿಕ ನಿಯಮ. ನಿನ್ನ ಸೀಟಿಗೆ ಯಾರು ಎದ್ದು ಬರ್ತಾರೆ?” ಎಂದಳು.

ಸಂಜೆ ಕಿಟಕಿಯಿಂದ ಕರ್ಚೀಫು ಹಾಕಿ ಬಸ್ಸು ಹತ್ತಿದರೆ ಅದರ ಮೇಲೆಯೇ ದಪ್ಪ ಮೀಸೆಯ ಯಜಮಾನರೊಬ್ಬರು ಕೂತಿದ್ದರು. “ಏಳ್ರೀ” ಎಂದೆ. ಏಳಲಿಲ್ಲ. ದನಿ ಏರಿಸಿ, ಬಸ್ಸಿನವರನ್ನೆಲ್ಲ ನ್ಯಾಯಕ್ಕೆ ಕರೆದೆ. ಒಂದಿಬ್ಬರು “ಹಂಗೆಲ್ಲ ಕೂರಬಾರದಪ್ಪ” ಎಂದು ಗೊಣಗಿ ಮತ್ತೆ ಮೊಬೈಲ್ ನೋಡತೊಡಗಿದರು. ಕಂಡಕ್ಟರ್ ಸೀಟಿ ಊದಿದ. ಹಿಂದಿನ ಸೀಟಿನ ಅಜ್ಜಿ ಸರಿದು, “ಬಾ ಮಗಳೇ, ಇಲ್ಲೇ ಕೂರು” ಎಂದಳು.

ಕೂತೆ. ಗೆಳತಿ ಕಂಬಿಗೆ ಒರಗಿ ನಿಂತೇ ಏನೋ ಗೀಚಿ, ಹಾಳೆಯನ್ನು ನನ್ನ ಮುಖದ ಮುಂದೆ ಹಿಡಿದಳು:

“ಲೋಕರೂಢಿ: ಮುರಿದರೆ ನಾಲ್ಕು ಜನ ಗೊಣಗುತ್ತಾರೆ, ಒಬ್ಬಳು ಕೂಗಾಡುತ್ತಾಳೆ, ಬಸ್ಸು ಹೊರಡುತ್ತದೆ.”