ಅಪ್ಪ ಮೊದಲು, ಅಮ್ಮ ಆಮೇಲೆ

ಶನಿವಾರ ಬೆಳಗಿನ ಶಾಲೆ. ಹಾಗಾಗಿ ಮನೆಯಲ್ಲಿ ಎಲ್ಲವೂ ಒಂದು ಗಂಟೆ ಮುಂಚೆ ನಡೆಯಬೇಕು. ಹಾಲು ಕಾಯಿಸಿ, ಉಪ್ಪಿಟ್ಟಿಗೆ ರವೆ ಹುರಿದು, ಯಜಮಾನರ ಮಧ್ಯಾಹ್ನದ ಊಟಕ್ಕೆ ಅನ್ನ ಸಾರು ಮಾಡಿ ಮುಚ್ಚಿಟ್ಟೆ. ಸಾಸಿವೆ ಸಿಡಿಯುವ ಹೊತ್ತಿಗೆ ಕಿಟಕಿಯ ಕಟ್ಟೆಯ ಮೇಲಿದ್ದ ಹಳೇ ಸ್ಲೇಟನ್ನು ಒರೆಸಿ ಅಂದಿನ ಪದಗಳನ್ನು ಬರೆದುಕೊಂಡೆ. ಬರೆಯಲು ಹೆಚ್ಚು ಯೋಚಿಸಬೇಕಾಗಿರಲಿಲ್ಲ. ಎದುರಿನ ಗೂಡಿನಲ್ಲಿದ್ದ ಡಬ್ಬಿಗಳನ್ನು ನೋಡಿದರೆ ಸಾಕು: ಅಕ್ಕಿ, ಉಪ್ಪು, ಬೆಲ್ಲ, ಎಣ್ಣೆ, ಕೊಬ್ಬರಿ. ರಾಗಿ ಮತ್ತು ಹುರುಳಿ ಮಾತ್ರ ಒತ್ತಿಲ್ಲದೆ ಹಗುರಾಗಿ ಕೂತಿದ್ದವು.

ನಾನು ಅಜ್ಜಂಪುರದ ಗೃಹಿಣಿ. ಮದುವೆಗೆ ಮೊದಲು ಶಿಕ್ಷಕರ ತರಬೇತಿ ಮುಗಿಸಿದ್ದೆ. ಆ ಸರ್ಟಿಫಿಕೇಟು ಬೀರುವಿನಲ್ಲಿ ಸೀರೆಗಳ ಕೆಳಗೇ ಇತ್ತು. ಶಿವನಿ ಕಡೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಎರಡನೇ ತರಗತಿಯ ಟೀಚರ್ ಹೆರಿಗೆ ರಜೆಗೆ ಹೋದಾಗ, ಅಲ್ಲಿನ ಮುಖ್ಯೋಪಾಧ್ಯಾಯಿನಿ ನನ್ನನ್ನು ಅತಿಥಿ ಶಿಕ್ಷಕಿಯಾಗಿ ಕರೆದರು. ಮನೆಯಲ್ಲಿ ಯಾರೂ ಬೇಡ ಅನ್ನಲಿಲ್ಲ. ಹೋಗು ಎಂದೂ ಯಾರೂ ಹೇಳಲಿಲ್ಲ.

ನಾನು ಓದಿದ್ದು ಕಡೂರಿನ ಕಾನ್ವೆಂಟಿನಲ್ಲಿ. ಅಲ್ಲಿ ಕನ್ನಡ ಎರಡನೇ ಭಾಷೆ. ಒತ್ತಕ್ಷರವನ್ನು ನಮಗೆ ಪಟ್ಟಿಯಾಗಿ ಕಲಿಸಿದ್ದರು: ಕ್ಕ, ಖ್ಖ, ಗ್ಗ, ಘ್ಘ ಎಂದು ಕೊನೆಯವರೆಗೆ. ದುಂಡಗೆ ಬರೆದವರಿಗೆ ಒಂದು ನಕ್ಷತ್ರ ಸಿಗುತ್ತಿತ್ತು, ನನಗೆ ಬಹಳ ನಕ್ಷತ್ರ ಸಿಕ್ಕಿದ್ದವು. ಆದರೆ ಘ್ಘ ಬರುವ ಒಂದು ಪದವನ್ನೂ ನಾನು ಇಂದಿನವರೆಗೆ ಕಂಡಿಲ್ಲ.

ಹಳ್ಳಿಯ ಶಾಲೆಯಲ್ಲಿ ಪಟ್ಟಿಯನ್ನು ಬದಿಗಿಟ್ಟೆ. ಮಕ್ಕಳ ಬಾಯಲ್ಲಿ ದಿನವೂ ಓಡಾಡುವ ಪದಗಳನ್ನೇ ತೆಗೆದುಕೊಂಡೆ, ಅದರಲ್ಲೂ ಸುಲಭದ್ದು ಮೊದಲು. ಕೆಲವು ಅಕ್ಷರಗಳು ಕೆಳಗೆ ಇಳಿದಾಗ ತಲೆಕಟ್ಟು ಮಾತ್ರ ಕಳಚಿಟ್ಟು ಹೆಚ್ಚುಕಡಿಮೆ ತಮ್ಮ ರೂಪದಲ್ಲೇ ಇರುತ್ತವೆ. ಪ, ಜ, ಟ, ಬ ಅಂಥವು. ಕೆಲವು ಗುರುತೇ ಸಿಗದಷ್ಟು ಬದಲಾಗುತ್ತವೆ. ಮ, ನ, ತ, ಲ ಆ ಗುಂಪಿನವು. ಹಾಗಾಗಿ ನಮ್ಮ ತರಗತಿಯಲ್ಲಿ ಅಪ್ಪ ಮೊದಲು ಬಂದ, ಅಜ್ಜ ಅವನ ಹಿಂದೆಯೇ ಬಂದ. ಅಮ್ಮ ಬರುವುದಕ್ಕೆ ಎರಡು ವಾರ ಹಿಡಿಯಿತು. ಇದು ಮಕ್ಕಳಿಗೆ ಸರಿಬರಲಿಲ್ಲ. ಅಮ್ಮನನ್ನು ಯಾಕೆ ಹೊರಗೆ ನಿಲ್ಲಿಸಿದ್ದೀರಿ ಎಂದು ಮುಂದಿನ ಸಾಲಿನ ಒಬ್ಬಳು ಕೇಳಿಯೇ ಬಿಟ್ಟಳು. ಮುಂದಿನ ಎರಡು ಹಲ್ಲು ಬಿದ್ದಿದ್ದ, ಹಸಿರು ರಿಬ್ಬನ್ನಿನ ಎರಡು ಜಡೆಯ ಹುಡುಗಿ. ಈ ಬರಹ ಅವಳನ್ನು ಕುರಿತದ್ದು.

ಅವಳಿಗೆ ಅಪ್ಪ, ಅಜ್ಜ, ತುಪ್ಪ ಸಲೀಸಾಗಿ ಬಂದವು. ತೊಡಕಾದದ್ದು ಮುದ್ದೆಯಲ್ಲಿ. ಸ್ವರದ ಗುರುತು ಮೇಲಿನ ಅಕ್ಷರಕ್ಕೆ ಅಂಟಿಕೊಂಡಿರುತ್ತದೆ, ಆದರೆ ಅದನ್ನು ಉಚ್ಚರಿಸುವುದು ಕೆಳಗಿನ ಒತ್ತನ್ನು ಹೇಳುವಾಗ. ಅವಳು ಕಣ್ಣಿಗೆ ಕಂಡ ಕ್ರಮದಲ್ಲೇ "ಮುದೆದ" ಎಂದು ಓದಿದಳು. ನಾನು ತಿದ್ದಲಿಲ್ಲ. ಇದನ್ನು ನಿಮ್ಮ ಮನೆಯಲ್ಲಿ ಯಾವಾಗ ತಿನ್ನುತ್ತೀರಿ ಎಂದು ಕೇಳಿದೆ. ಅವಳು ಸ್ವಲ್ಪ ಹೊತ್ತು ಬೋರ್ಡನ್ನೇ ನೋಡಿ, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ಆಮೇಲೆ ಅದನ್ನು ಬಿಡಿಸಿ ಕಟ್ಟಿದೆವು. ಮೊದಲು ಬಾಯಲ್ಲಿ ಹೇಳಿ ಚಪ್ಪಾಳೆ ತಟ್ಟುವುದು: ಮುದ್, ದೆ. ನಾಲಗೆ ಎಲ್ಲಿ ತಡೆದು ನಿಂತಿತು ಎಂದು ಗಮನಿಸುವುದು. ಅನಂತರ ಬೋರ್ಡಿನ ಮೇಲೆ ಬರೀ "ಮುದೆ" ಬರೆದು ಓದುವುದು. ಅದಕ್ಕೆ ಅರ್ಥವಿಲ್ಲ ಎಂದು ಎಲ್ಲರೂ ಗಲಾಟೆ ಮಾಡಿದ ಮೇಲೆ, ಬೇರೆ ಬಣ್ಣದ ಸೀಮೆಸುಣ್ಣದಲ್ಲಿ ಕೆಳಗೊಂದು ಒತ್ತು ಕೂರಿಸುವುದು. ಹಳಿ ಬರೆದು ಹಳ್ಳಿ ಮಾಡಿದೆವು. ಶಿವನಿ ಸ್ಟೇಷನ್ನಿನ ಹತ್ತಿರದ ಮಕ್ಕಳಿಗೆ ಎರಡೂ ಗೊತ್ತು. ಕತೆ ಬರೆದು ಕತ್ತೆ ಮಾಡಿದ ದಿನ ಪಕ್ಕದ ಕೊಠಡಿಯಿಂದ ಮುಖ್ಯೋಪಾಧ್ಯಾಯಿನಿ ಇಣುಕಿ ನೋಡಿ ಹೋದರು.

ಶಾಲೆಯ ಮುಂದೆ ಹಾದುಹೋಗುವ ಬಸ್ಸಿನ ಬೋರ್ಡಿನಲ್ಲಿ ಶಿವನಿ, ಅಜ್ಜಂಪುರ, ತರೀಕೆರೆ ಎಂದು ಬರೆದಿರುತ್ತದೆ. ಮೊದಲನೆಯದನ್ನೂ ಕೊನೆಯದನ್ನೂ ಮಕ್ಕಳು ಜೂನ್ ತಿಂಗಳಿಂದಲೇ ಓದುತ್ತಿದ್ದರು. ನಡುವಿನದು "ಅಜಂಪುರ"ವಾಗಿತ್ತು. ಜ್ಜ ಕಲಿತ ಮರುದಿನ ಆ ಹುಡುಗಿ ಗೇಟಿನ ಸರಳು ಹಿಡಿದು ಬಸ್ಸಿಗಾಗಿ ಕಾದಿದ್ದಳು. ಬಸ್ಸು ಬಂದಾಗ ಕೂಗಲಿಲ್ಲ. ಬೆರಳು ಮಾತ್ರ ಗಾಳಿಯಲ್ಲಿ ಒಂದು ಜ ಬರೆದು, ಅದರ ಕೆಳಗೆ ಇನ್ನೊಂದು ಬರೆಯಿತು.

ಅವಳ ಅಪ್ಪನಿಗೆ ಇದರಿಂದ ಸಮಾಧಾನವಿರಲಿಲ್ಲ. ಸ್ವಲ್ಪ ಹೊಲ, ಒಂದು ತೆಂಗಿನ ತೋಟ ಇರುವ ಮನುಷ್ಯ. ಮಗಳ ವಿಷಯದಲ್ಲಿ ತುಂಬ ಆಸೆ. ಅವರ ಅಣ್ಣನ ಮಕ್ಕಳು ವ್ಯಾನಿನಲ್ಲಿ ತರೀಕೆರೆಯ ಇಂಗ್ಲಿಷ್ ಶಾಲೆಗೆ ಹೋಗುತ್ತಿದ್ದರು. ಆತ ದಿನಾ ರಾತ್ರಿ ಮಗಳ ಮುಂದೆ ದಿನಪತ್ರಿಕೆ ಹಿಡಿದು ಓದು ಅನ್ನುತ್ತಿದ್ದರು, ಅವಳು ತಡವರಿಸುತ್ತಿದ್ದಳು. ಹೀಗಾದರೆ ಅವಳನ್ನೂ ಅಲ್ಲಿಗೇ ಹಾಕುವುದು ಎಂದು ತೀರ್ಮಾನಿಸಿ, ಶನಿವಾರದ ಪೋಷಕರ ಸಭೆಯಲ್ಲಿ ಕೊನೆಯ ಸಲ ನೋಡುತ್ತೇನೆ ಎಂದು ಹೇಳಿ ಕಳಿಸಿದ್ದರು. ಅವಳಿಗೆ ಹೋಗಲು ಇಷ್ಟವಿರಲಿಲ್ಲ. ಇಷ್ಟವಿಲ್ಲ ಎಂದು ಅವಳೇನೂ ಹೇಳಿರಲಿಲ್ಲ. ಆದರೆ ಆ ವಾರವೆಲ್ಲ ಅವಳು ತನ್ನ ಜಾಗದಲ್ಲಿ ಚೀಲವಿಟ್ಟು, ಯಾರೂ ಕೂರದ ಹಾಗೆ ನೋಡಿಕೊಂಡೇ ಕೈತೊಳೆಯಲು ಹೋಗುತ್ತಿದ್ದಳು.

ಪತ್ರಿಕೆಯ ಒಂದೆರಡು ಸಾಲು ಬಾಯಿಪಾಠ ಮಾಡಿಸಿಬಿಡಿ, ಮಗು ಉಳಿಯುತ್ತದೆ ಎಂದು ಮುಖ್ಯೋಪಾಧ್ಯಾಯಿನಿ ಸಲಹೆ ಕೊಟ್ಟರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನಾನು ಒಪ್ಪಲಿಲ್ಲ. ಬಾಯಿಪಾಠ ಒಪ್ಪಿಸುವ ಮಗುವಿನ ಕಣ್ಣು ಜಂತೆಯ ಮೇಲಿರುತ್ತದೆ, ಕಾಗದದ ಮೇಲಿರುವುದಿಲ್ಲ. ಅಪ್ಪಂದಿರಿಗೆ ಅದು ಗೊತ್ತಾಗುತ್ತದೆ ಎಂದೆ. ಅವರು ಬಲವಂತ ಮಾಡಲಿಲ್ಲ. ನಾವು ಆಗ ತಲುಪಿದ್ದುದು ಒಂದೇ ಅಕ್ಷರಕ್ಕೆ ಅದೇ ಅಕ್ಷರದ ಒತ್ತು ಬರುವ ಪದಗಳ ಕೊನೆಗೆ. ಒಂದು ಅಕ್ಷರಕ್ಕೆ ಇನ್ನೊಂದರ ಒತ್ತು ಬರುವ ರಸ್ತೆ, ಪುಸ್ತಕದಂಥ ಪದಗಳನ್ನು ಸೋಮವಾರಕ್ಕೆ ಇಟ್ಟುಕೊಂಡಿದ್ದೆ. ಸೂರ್ಯ ಇನ್ನೂ ದೂರ. ರ್ಯದಲ್ಲಿ ಮೊದಲು ಹೇಳುವ ರ್ ಪಕ್ಕಕ್ಕೆ ಹೋಗಿ ಕೂರುತ್ತದಲ್ಲ, ಅದನ್ನು ಎಲ್ಲಕ್ಕಿಂತ ಕೊನೆಗೆ ಬಿಟ್ಟಿದ್ದೆ.

ಆ ಶನಿವಾರ ಪಾಠ ಮುಗಿದ ಮೇಲೆ ಪೋಷಕರು ಒಬ್ಬೊಬ್ಬರಾಗಿ ಬಂದರು. ಹೆಚ್ಚಿನವರು ಅಮ್ಮಂದಿರು, ಬಾಗಿಲಲ್ಲೇ ನಿಂತು ಸಹಿ ಹಾಕಿ ಹೋದರು. ಅವಳ ಅಪ್ಪ ಮಾತ್ರ ಚಪ್ಪಲಿ ಬಿಟ್ಟು ಒಳಗೆ ಬಂದು, ಮಕ್ಕಳ ಗಿಡ್ಡ ಬೆಂಚಿನ ಮೇಲೆ ಮಂಡಿ ಎತ್ತಿಕೊಂಡು ಕೂತರು. ಕಂಕುಳಲ್ಲಿ ಮಡಿಸಿದ ಪತ್ರಿಕೆ ಇತ್ತು.

"ಮೇಡಂ, ತಪ್ಪು ತಿಳ್ಕಬೇಡಿ. ನೀವು ಉಪ್ಪು, ಬೆಲ್ಲ ಅಂತ ಹೇಳ್ಕೊಡ್ತಾ ಇದ್ದೀರಂತೆ. ಅವು ನಮ್ಮ ಅಡಿಗೆ ಮನೇಲೇ ಅವೆ. ಪೇಪರ್ ಓದೋದ್ ಯಾವಾಗ?"

ಅಡುಗೆಮನೆಯಿಂದಲೇ ಅಲ್ಲಿಗೆ ಹೋಗುವುದು, ದಾರಿ ಸ್ವಲ್ಪ ನಿಧಾನ ಎಂದೆ. ಆತ ಪತ್ರಿಕೆ ಬಿಚ್ಚಿ ಮಗಳ ಮುಂದೆ ಹರಡಿ, ದಪ್ಪ ಅಕ್ಷರದ ಒಂದು ಸಾಲಿನ ಮೇಲೆ ಬೆರಳಿಟ್ಟರು. "ರಾಷ್ಟ್ರೀಯ ಹೆದ್ದಾರಿ ದುರಸ್ತಿ ವಿಳಂಬ" ಎಂದಿತ್ತು.

ನಾನು ಡಸ್ಟರನ್ನು ಕೈಯಲ್ಲಿ ತಿರುಗಿಸುತ್ತ ನಿಂತೆ. ಅವಳು ಮೊದಲ ಪದದ ಮೇಲೆ ಬಾಗಿ, ಬಹಳ ಹೊತ್ತು ನೋಡಿದಳು.

"ಇದು ಬರಲ್ಲ ಕಣಪ್ಪ," ಎಂದಳು. "ಕೆಳಗೆ ಎರಡು ಕೂತವೆ. ಮಿಸ್ಸು ಇನ್ನೂ ಒಂದೇ ಕೂರ್ಸಿರೋದು."

ಹೇಳುವಾಗ ದನಿಯಲ್ಲಿ ಅಳುಕಿರಲಿಲ್ಲ. ನಮ್ಮ ಮನೆಗೆ ಇನ್ನೂ ನಲ್ಲಿ ಬಂದಿಲ್ಲ ಎಂದು ಹೇಳುವ ಹಾಗೆ ಹೇಳಿದಳು. ಆಮೇಲೆ ಬೆರಳನ್ನು ತಾನೇ ಮುಂದಕ್ಕೆ ಸರಿಸಿದಳು. ಹೆದ್ದಾರಿಯನ್ನು ಓದಿದಳು. ಮುದ್ದೆಯ ಒತ್ತೇ ಅಲ್ಲಿಯೂ ಇತ್ತು. ಮುಂದಿನ ಪದದಲ್ಲಿ ದು, ರ ಎಂದು ನಿಂತಳು. ಸಿ ಕಾಣುತ್ತಿತ್ತು, ಕೆಳಗೆ ಕತ್ತೆಯಲ್ಲಿ ಕಂಡಿದ್ದ ತ ಒತ್ತು ಇತ್ತು. ಆದರೆ ಮೇಲೆ ತ ಇರಲಿಲ್ಲ. ಇಂಥದ್ದನ್ನು ನಾನು ಅವಳಿಗೆ ಹೇಳಿಕೊಟ್ಟಿರಲಿಲ್ಲ. ಅವಳ ತುಟಿ ಸದ್ದಿಲ್ಲದೆ ಆಡಿತು. ತೊಡೆಯ ಮೇಲೆ ಒಂದು ಸಣ್ಣ ಚಪ್ಪಾಳೆ, ತಡೆದು ಇನ್ನೊಂದು.

"ದುರಸ್... ತಿ. ದುರಸ್ತಿ. ವಿಳಂಬ."

ಓದಿ ಮುಗಿಸಿ ನನ್ನ ಕಡೆ ನೋಡಲಿಲ್ಲ, ಅಪ್ಪನ ಕಡೆ ನೋಡಿದಳು. ಆತ ಪತ್ರಿಕೆಯನ್ನು ಮಡಿಸಿದ ಗೆರೆಯಲ್ಲೇ ಮತ್ತೆ ಮಡಿಸಿದರು. ಮೊದಲನೆಯದನ್ನು ಬಿಟ್ಟಳಲ್ಲ ಎಂದರು. ಅದಕ್ಕೆ ಇನ್ನೊಂದು ತಿಂಗಳು ಬೇಕು ಎಂದೆ. ಆತ ತಲೆಯಾಡಿಸಿದರು. ಒಪ್ಪಿದ ಹಾಗೆ ಕಾಣಲಿಲ್ಲ. ಹೇಗೂ ಹೊರಟಿದ್ದೇವೆ, ಇವತ್ತು ತರೀಕೆರೆಗೆ ಹೋಗಿ ಆ ಶಾಲೆಯಲ್ಲಿ ಸೀಟು ಇದೆಯಾ ಕೇಳಿಕೊಂಡು ಬರುತ್ತೇವೆ ಎಂದು ಎದ್ದರು. ಅವಳು ತನ್ನ ಜಾಗದಿಂದ ಚೀಲ ತೆಗೆದುಕೊಂಡಳು. ಬಾಗಿಲ ಹತ್ತಿರ ಹೋದವಳು ವಾಪಸು ಬಂದು, ಬೆಂಚಿನ ಮೇಲೆ ಬಿದ್ದಿದ್ದ ತನ್ನ ತುಂಡು ಬಳಪವನ್ನೂ ತೆಗೆದುಕೊಂಡು ಹೋದಳು.

ಸ್ವಲ್ಪ ಹೊತ್ತಿಗೆ ಬಸ್ಸಿನ ಹಾರನ್ ಕೇಳಿಸಿತು. ನಾನು ಬೋರ್ಡು ಒರೆಸಿ, ಸೋಮವಾರಕ್ಕೆಂದು ಮೂಲೆಯಲ್ಲಿ ರಸ್ತೆ ಎಂದು ಬರೆದಿಟ್ಟು, ಮುಂದಿನ ಬಸ್ಸಿಗೆ ಮನೆಗೆ ಬಂದೆ. ಮಧ್ಯಾಹ್ನ ಬಟ್ಟೆ ಒಗೆದೆ. ಅಕ್ಕಿ ಆರಿಸಿದೆ. ಒಂದು ಮಗು ಕಡಿಮೆಯಾದರೆ ಮುಂದಿನ ಸಾಲಿನಲ್ಲಿ ಯಾರನ್ನು ಕೂರಿಸುವುದು ಎಂಬ ಯೋಚನೆ ಬಂತು. ಅದನ್ನು ಅಲ್ಲಿಗೇ ಬಿಟ್ಟೆ.

ಸಂಜೆ ಪಕ್ಕದ ಮನೆಯವರು ಕಾಂಪೌಂಡಿನ ಆಚೆ ಚೀಲ ಇಳಿಸಿ ಉಸ್ಸೆಂದು ನಿಂತರು. ವಯಸ್ಸಿನಲ್ಲಿ ನನಗಿಂತ ದೊಡ್ಡವರು. ಹಲ್ಲು ನೋವಿಗೆ ತರೀಕೆರೆಯ ಡಾಕ್ಟರ ಹತ್ತಿರ ಹೋಗಿದ್ದರು. ನಾನು ಶಾಲೆಗೆ ಹೋಗಲು ಶುರುಮಾಡಿದಾಗಿನಿಂದ ನನ್ನನ್ನು ಟೀಚರೇ ಎಂದು ಕರೆದು ಛೇಡಿಸುತ್ತಾರೆ. ಹಲ್ಲು ಹೇಗಿದೆ ಎಂದು ಕೇಳಿದೆ. ಹಲ್ಲು ವಾಸಿ, ಬರುವಾಗ ಬಸ್ಸಿನಲ್ಲಿ ತಲೆನೋವು ಹಿಡಿಯಿತು ಎಂದರು. ಮುಂದಿನ ಸೀಟಿನಲ್ಲಿ ಹಸಿರು ರಿಬ್ಬನ್ನಿನ ಒಂದು ಬೊಚ್ಚು ಬಾಯಿಯ ಹುಡುಗಿ, ಕಿಟಕಿಯಲ್ಲಿ ಕಂಡದ್ದನ್ನೆಲ್ಲ ಓದುತ್ತಿದ್ದಳಂತೆ. ಬಟ್ಟೆ ಅಂಗಡಿ, ಹಿಟ್ಟಿನ ಗಿರಣಿ, ಎಣ್ಣೆ ಮಿಲ್ಲು, ಒಂದನ್ನೂ ಬಿಡದೆ. ಎಲ್ಲಿಗೆ ಹೋಗಿದ್ದಿರಿ ಎಂದು ಇವರು ಅವಳ ಅಪ್ಪನನ್ನು ಕೇಳಿದರಂತೆ. ಯಾವುದೋ ಸ್ಕೂಲಿಗೆ ಅಂತ ಹೋದವರು, ಇವಳು ಬೀದಿಯುದ್ದಕ್ಕೂ ನಿಂತು ನಿಂತು ಓದಿ, ತಲುಪುವಷ್ಟರಲ್ಲಿ ಆಫೀಸಿನ ಬಾಗಿಲು ಹಾಕಿತ್ತಂತೆ.

"ಇನ್ನೊಂದಿನ ಹೋದ್ರಾಯ್ತು ಬಿಡಿ ಅಂದ ಕಣ್ರೀ, ಟೀಚರೇ," ಎಂದು ಅವರು ಚೀಲ ಎತ್ತಿಕೊಂಡರು. "ಸುಮ್ನೆ ಕೂತ್ಕೊಳೇ ಅಂತ ಮಗೀಗೆ ಒಂದ್ ಮಾತು ಹೇಳೋದ್ ಬಿಟ್ಟು, ದಾರಿಯುದ್ದಕ್ಕೂ ಅವನೇ ಬೊಟ್ಟು ಮಾಡಿ, ಅದೇನು, ಇದೇನು ಅಂತ ಕೇಳ್ತಾ ಬಂದ."