ಅಪ್ಪಯ್ಯಣ್ಣ ಮುಚ್ಚಿದ ಕಟ್ಟಡ

ಬರಿದಾಗಿ ಕಾಣುವ ಯಾವುದನ್ನೂ ಅಪ್ಪಯ್ಯಣ್ಣ ಸಹಿಸುತ್ತಿರಲಿಲ್ಲ. ದೊಡ್ಡಬಳ್ಳಾಪುರದ ಮಗ್ಗದ ಷೆಡ್ಡುಗಳಿಗೆ ತಗಡು ಹೊದಿಸುತ್ತ ಕೆಲಸ ಕಲಿತವನು ಅವನು. ಊರಿಗೆ ಫಾಲ್ಸ್ ಸೀಲಿಂಗ್ ಬಂದಾಗ ಅದು ತನಗಾಗಿಯೇ ಬಂತೆಂದುಕೊಂಡ. ವೈರು, ಪೈಪು, ತೊಲೆ, ಹಲ್ಲಿ ಎಲ್ಲವನ್ನೂ ಮರೆಮಾಡಿ ಕೆಳಗೆ ಬಿಳಿ ಥರ್ಮಾಕೋಲ್ ತೂಗುಹಾಕುತ್ತಿದ್ದ. ಮನೆಯ ರೇಡಿಯೋಗೆ ಅಂಗಿ, ಮಿಕ್ಸಿಗೆ ಲಂಗ ಹೊಲಿಸಿದ್ದ.

“ಇನ್ನು ನನಗೂ ಒಂದು ಮುಸುಕು ಹಾಕ್ಬಿಡಿ,” ಎನ್ನುತ್ತಿದ್ದಳು ಹೆಂಡತಿ ಮುನಿವೆಂಕಟಮ್ಮ.

ಸೀರೆ ವ್ಯಾಪಾರಿ ಪಾಪಯ್ಯ ತೊಂಬತ್ತೊಂಬತ್ತರಲ್ಲಿ ಐದು ಅಂತಸ್ತಿನ ಕಟ್ಟಡ ಎಬ್ಬಿಸಿದರು. ಕೆಳಗೆ ಅಂಗಡಿ, ತುತ್ತತುದಿಯಲ್ಲಿ ಮದುವೆ ಹಾಲು. ಒಳಗಿನ ಸೀಲಿಂಗೆಲ್ಲ ಅಪ್ಪಯ್ಯಣ್ಣನದು. ಹೊರಗೆ, ಗೋಡೆಯಿಂದ ಒಂದು ಗೇಣು ಮುಂದಕ್ಕೆ ಚೌಕಟ್ಟು ಕಟ್ಟಿ, ಅಡಿಯಿಂದ ತುದಿಯವರೆಗೆ ಹೊಳೆಯುವ ಅಲ್ಯೂಮಿನಿಯಂ ಷೀಟು ಹೊದಿಸಿದವನೂ ಅವನೇ. ಸಂಜೆಯ ಬಿಸಿಲು ಬಿದ್ದರೆ ಇಡೀ ಬೀದಿ ಬೆಳ್ಳಿಯ ಬೆಳಕಿನಲ್ಲಿ ತೊಯ್ಯುತ್ತಿತ್ತು. ಮೇಲಿನ ಹಾಲಿನಲ್ಲಿ ಮೊದಲ ಮದುವೆ ಅವನ ಮಗಳು ನವ್ಯಶ್ರೀಯದೇ ಎಂದು ಪಾಪಯ್ಯ ಮಾತು ಕೊಟ್ಟಿದ್ದರು. ಲಗ್ನಪತ್ರಿಕೆ ಹಂಚಿಯೂ ಆಗಿತ್ತು.

ಮದುವೆಗೆ ಹದಿನೈದು ದಿನ ಮೊದಲು ಪ್ರವೇಶದ ಪೂಜೆ ನಡೆಯಿತು. ಅಂಗಡಿಯ ನಡುವೆ ಹೋಮ. ಪುರೋಹಿತರು ತುಪ್ಪ ಸುರಿದದ್ದೇ ಸುರಿದದ್ದು, ಆದರೂ ಹೊಗೆಗೆ ಯಾರ ಕಣ್ಣಲ್ಲೂ ನೀರಿಲ್ಲ. ಅಷ್ಟರಲ್ಲಿ ಬೀದಿಯಲ್ಲಿ ಗದ್ದಲವೆದ್ದಿತು. ಐದನೇ ಅಂತಸ್ತಿನ ನೆತ್ತಿಯಿಂದ ಹೊಗೆ ನೆಟ್ಟಗೆ ಆಕಾಶಕ್ಕೆ ಏಳುತ್ತಿತ್ತು! ಹೂ ಮಾರುವ ದ್ಯಾವಮ್ಮ ಬುಟ್ಟಿ ಕೆಳಗಿಟ್ಟು ಕೈಮುಗಿದಳು.

“ದೇವ್ರು ಮೇಲೇ ನಿಂತು ಹೋಮಾನ ಇಸ್ಕೊಂಡ ಕಣ್ರಪ್ಪಾ!”

ಪಾಪಯ್ಯನವರ ಮುಖ ಊರಗಲವಾಯಿತು. ಊಟಕ್ಕೆ ಬಂದಿದ್ದ ಅಗ್ನಿಶಾಮಕ ಠಾಣೆಯ ಅಧಿಕಾರಿ ನಂದಕುಮಾರ್ ಮಾತ್ರ ಪಾಯಸದ ಲೋಟ ಹಿಡಿದೇ ಒಳಗೆ ಹೋಗಿ ಸೀಲಿಂಗ್ ನೋಡಿದರು. ಫ್ಯಾನಿಗೆಂದು ಬಿಟ್ಟ ತೂತಿನೊಳಕ್ಕೆ ಹೊಗೆ ನುಗ್ಗುತ್ತಿತ್ತು.

“ಅಪ್ಪಯ್ಯಣ್ಣ, ಇದರ ಮೇಲೆ ಏನಿದೆ?”

“ಬರೀ ಖಾಲಿ ಸಾರ್. ಆ ಗೋಡೆಯಿಂದ ಈ ಗೋಡೆವರೆಗೂ.”

“ಮುಂದಿನ ಗೋಡೇಲಿ?”

“ಬೋರ್ಡಿನ ವೈರಿಗೆ ಒಂದು ಕಿಂಡಿ. ಸ್ವಲ್ಪ ದೊಡ್ಡದಾಗ್ಬಿಡ್ತು. ಷೀಟ್ ಮುಚ್ಕೊಳ್ಳುತ್ತೆ ಅಂತ ಬಿಟ್ಟೆ.”

“ಷೀಟಿನ ಹಿಂದಿನ ಸಂದು ನೇರ ಮೇಲಕ್ಕೆ. ಐದು ಅಂತಸ್ತಿಗೂ ಸೇರಿ ಒಂದು ಹೊಗೆಗೂಡು ಕಟ್ಟಿದ್ದೀಯಪ್ಪ. ಇವತ್ತು ಹೊಗೆ ಹೋದ ದಾರೀಲೇ ನಾಳೆ ಬೆಂಕಿ ಹೋಗುತ್ತೆ.”

ಅಪ್ಪಯ್ಯಣ್ಣನಿಗೆ ತಕ್ಷಣ ಹೊಳೆದದ್ದು ಒಂದೇ ಉಪಾಯ. “ಮೇಲುಗಡೆ ಮುಚ್ಬಿಡ್ತೀನಿ ಸಾರ್!”

“ಮುಚ್ಚು. ಆಮೇಲೆ ಪ್ರತಿ ಅಂತಸ್ತಿನ ಕಿಟಕಿಯಿಂದ ಒಳಗೆ ಬರುತ್ತೆ. ನಾವು ಪೈಪ್ ಹಿಡಿದ್ರೆ ನೀರು ಷೀಟಿನ ಮುಂದೆ ಇಳಿದು ಹೋಗುತ್ತೆ, ಬೆಂಕಿ ಹಿಂದೆ ಹತ್ತುತ್ತೆ.”

“ಷೀಟು ಹತ್ಕೊಳ್ಳಲ್ಲ ಸಾರ್,” ಎಂದರು ಪಾಪಯ್ಯ. “ಮಾರಿದೋನು ನನ್ನ ಮುಂದೇನೇ ಲೈಟರ್ ಹಚ್ಚಿ ತೋರಿಸ್ದ.”

“ಷೀಟಿನ ಮುಖಕ್ಕೆ ಹಚ್ಚಿದ್ದಾನೆ. ಅಂಚಿಗೆ ಹಚ್ಚೋಣ, ಬನ್ನಿ.”

ಹಿತ್ತಲಲ್ಲಿ ಕತ್ತರಿಸಿ ಬಿಸಾಡಿದ ಷೀಟಿನ ತುಂಡುಗಳಿದ್ದವು. ಎರಡು ತೆಳು ಅಲ್ಯೂಮಿನಿಯಂ ಪದರ, ನಡುವೆ ಕಪ್ಪು ಪ್ಲಾಸ್ಟಿಕ್. ನಂದಕುಮಾರ್ ಒಂದನ್ನು ಮರಳಿನ ರಾಶಿಗೆ ಒರಗಿಸಿ ನಿಲ್ಲಿಸಿ, ಕೆಳಗಿನ ಅಂಚಿಗೆ ತುಪ್ಪದ ಬಟ್ಟೆ ಇಟ್ಟು ಹಚ್ಚಿದರು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಪಾಪಯ್ಯ ಗೆದ್ದವರಂತೆ ನಗುತ್ತ ಹತ್ತಿರ ಬಂದರು. ಆಗ ಪ್ಲಾಸ್ಟಿಕ್ ಕರಗಿತು. ಉರಿಯುವ ಹನಿಗಳು ತೊಟತೊಟ ಕೆಳಗೆ ಬಿದ್ದವು, ಜ್ವಾಲೆ ಅಂಚು ಹಿಡಿದು ಮೇಲೇರಿತು. ಒಂದು ಹನಿ ಸಿಡಿದು ಪಾಪಯ್ಯನವರ ಹೊಸ ಚಪ್ಪಲಿಗೆ ಬಿತ್ತು. ಅವರು ಕುಣಿದ ಕುಣಿತವನ್ನು ದ್ಯಾವಮ್ಮ ಇಂದಿಗೂ ಮಾಡಿ ತೋರಿಸುತ್ತಾಳೆ.

ಯಾರೂ ಗಮನಿಸದಿದ್ದದ್ದು ಅಪ್ಪಯ್ಯಣ್ಣನನ್ನು. ಅವನು ಕತ್ತೆತ್ತಿ ಮೇಲಿನ ಹಾಲಿನ ಕಿಟಕಿ ನೋಡುತ್ತಿದ್ದ. ಆಮೇಲೆ ಸೊಂಟದಿಂದ ಸ್ಕ್ರೂ ಡ್ರೈವರ್ ತೆಗೆದು, ಇನ್ನೂ ಬಿಚ್ಚಿರದ ಸಾರುವೆ ಹತ್ತತೊಡಗಿದ.

“ಲೇ, ಎಲ್ಲಿಗೋ?” ಪಾಪಯ್ಯ ಒಂಟಿ ಕಾಲಲ್ಲೇ ಕೂಗಿದರು. “ಊರೆಲ್ಲ ಅದನ್ನ ನೋಡೋಕೇ ಬರುತ್ತಲ್ಲೋ!”

“ಬಿಚ್ತೀನಿ ಸಾವ್ಕಾರ್ರೆ. ಮಗು ಆ ಮೇಲಿನ ಹಾಲಲ್ಲಿ ಹಸೆಮಣೆ ಮೇಲೆ ಕೂತ್ಕೋಬೇಕು.”

“ಮದುವೆಗೆ ಹಾಲೇ ಕೊಡಲ್ಲ ಅಂದ್ರೆ?”

ಉತ್ತರ ಕೊಟ್ಟವಳು ಪೂಜೆಗೆ ಬಂದಿದ್ದ ಮುನಿವೆಂಕಟಮ್ಮ. “ಕೊಡ್ಬೇಡಿ ಅಣ್ಣಾ. ನೀವೇ ಹೋಗಿ ಮೇಲೆ ಕೂತ್ಕೊಳ್ಳಿ. ಅಂಗಡೀಲಿ ನಾನೊಂದು ಒಲೆ ಹಚ್ತೀನಿ.”

ಪಾಪಯ್ಯ ಚಪ್ಪಲಿಯ ತೂತು ನೋಡಿಕೊಂಡರು. ಆ ಮೇಲೆ ಸಾರುವೆಯ ಬುಡ ಹಿಡಿದುಕೊಂಡರು.

ಮದುವೆಯ ದಿನ ಕಟ್ಟಡ ಬರೀ ಇಟ್ಟಿಗೆಯಲ್ಲಿ ನಿಂತಿತ್ತು, ಮೈಯೆಲ್ಲ ಸ್ಕ್ರೂ ತೂತು. ಸೀಲಿಂಗೂ ಬಿಚ್ಚಿದ್ದ ಹಾಲಿನ ನೆತ್ತಿಯಲ್ಲಿ ವೈರು, ಪೈಪು, ಜೊತೆಗೆ ಎರಡು ಹಲ್ಲಿ. ಬೀಗರ ಕಡೆಯ ಅನುಸೂಯಮ್ಮ ಮೂಗಿಗೆ ಸೆರಗು ಹಿಡಿದು, “ಇನ್ನೂ ಕೆಲಸ ಮುಗಿದಿಲ್ವಾ?” ಎಂದರು.

“ಈಗ ಮುಗೀತು ಕಣಮ್ಮ,” ಎಂದ ಅಪ್ಪಯ್ಯಣ್ಣ. ಧಾರೆ ಎರೆಯುವಾಗ ಅವನ ಕಣ್ಣು ತುಂಬಿತ್ತು. ಮಗಳಿಗಾಗಿಯೋ ಷೀಟಿಗಾಗಿಯೋ, ಹೆಂಡತಿ ಕೇಳಲಿಲ್ಲ.

ಊಟದ ಹೊತ್ತಿಗೆ ಅವಳು ಸಾರಿನ ಕೊಳದಪ್ಪಲೆಗೆ ಬಿಳಿ ಬಟ್ಟೆ ಹೊದಿಸಿದಳು. ಅಪ್ಪಯ್ಯಣ್ಣ ಹೋಗಿ ಅದರ ಅಂಚನ್ನು ಮೆಲ್ಲಗೆ ಎತ್ತಿ, ಒಳಗೆ ಇಣುಕಿ ನೋಡಿದ.