ಬಲ್ಬಿಗೂ ಬಳೆ

ಟಿ. ನರಸೀಪುರದ ಹತ್ತಿರ, ಕಪಿಲೆಯ ದಂಡೆಯ ಇಟ್ಟಿಗೆ ಗೂಡಿನ ಮೇಲೆ ಒಂದು ಮೋಡವೂ ಕಲ್ಲಯ್ಯನ ಕಣ್ಣು ತಪ್ಪಿಸಿ ದಾಟುತ್ತಿರಲಿಲ್ಲ. ಟಿಕೆಟ್ ತೋರಿಸಿಯೇ ಮುಂದಕ್ಕೆ ಹೋಗಬೇಕಿತ್ತು. ಹಸಿ ಇಟ್ಟಿಗೆಯ ಮೇಲೆ ಮಳೆ ಬಿದ್ದರೆ ಎಲ್ಲ ಮತ್ತೆ ಕೆಸರು. ಹಾಗಂತ ಸುಮ್ಮಸುಮ್ಮನೆ ಟಾರ್ಪಾಲು ಮುಚ್ಚಿಟ್ಟರೆ ಇಟ್ಟಿಗೆ ಒಣಗುವುದಿಲ್ಲ. ಮುಚ್ಚಬೇಕೋ ಬೇಡವೋ ಹೇಳುವುದೇ ಅವನ ಕೆಲಸ.

ಬುಡ ಸಮನಾಗಿ, ಹತ್ತಿಯುಂಡೆಯಂತೆ ಕೆಳಗೆ ಬಿಡಿಬಿಡಿಯಾಗಿ ತೇಲುವ ಗಿಡ್ಡ ಮೋಡವಾದರೆ ಕಲ್ಲಯ್ಯ ನಿಶ್ಚಿಂತೆಯಿಂದ ಬೀಡಿ ಹಚ್ಚುತ್ತಿದ್ದ. ಬೆಳಿಗ್ಗೆಯೇ ನಡು ಎತ್ತರದಲ್ಲಿ ಕೋಟೆಯ ತೆನೆಗಳಂತೆ ಸಾಲು ಮೊಳೆತರೆ ಸಂಜೆಗೆ ಗುಡುಗಿನ ಗುಮಾನಿ. ತೀರ ಮೇಲೆ ಬಿಳಿ ಗರಿ ಎಳೆದು, ಅದು ತೆಳ್ಳನೆ ಪರದೆಯಾಗಿ ಚಂದ್ರನಿಗೆ ಬಳೆ ತೊಡಿಸಿದರೆ ಒಂದೆರಡು ದಿನದಲ್ಲಿ ಮಳೆ ಬಂದರೂ ಬಂದೀತು.

ಈ ಬೇಸಿಗೆಯಲ್ಲಿ ಚಂದ್ರ ಕಂಡಾಗಲೆಲ್ಲ ಬಳೆ ತೊಟ್ಟೇ ಕಂಡ. ಕಲ್ಲಯ್ಯ ಮುಚ್ಚಿಸಿದ. ಮಳೆ ಬರಲಿಲ್ಲ. ಮತ್ತೆ ಮುಚ್ಚಿಸಿದ. ಇಟ್ಟಿಗೆ ಬೆವರಿತೇ ಹೊರತು ಆಕಾಶ ಬೆವರಲಿಲ್ಲ.

“ಏನ್ ಕಲ್ಲಣ್ಣ, ಚಂದ್ರನಿಗೆ ಸೀಮಂತನಾ? ದಿನಾ ಬಳೆ ತೊಡ್ತಾವ್ನೆ, ಹೆರೋದ್ಯಾವಾಗ?” ಎಂದ ಗೂಡಿನ ಯಜಮಾನ ನಂಜೇಶ್. ನಗು ಮುಗಿದ ಮೇಲೆ ಮೆಲ್ಲಗೆ ಸೇರಿಸಿದ: “ಇನ್ನೊಂದ್ಸಲ ಇಂಗಾದ್ರೆ ಮೊಬೈಲ್ ನೋಡ್ಕೊಂಡೇ ಮುಚ್ಚಿಸ್ತೀನಿ. ಬೇಜಾರ್ ಮಾಡ್ಕೋಬ್ಯಾಡ.”

ಅವತ್ತು ಮುಸ್ಸಂಜೆ ಟೀ ಅಂಗಡಿಯಲ್ಲಿ ಬಲ್ಬು ಹತ್ತಿತು. ಲೋಟ ಎತ್ತಿದ ಕಲ್ಲಯ್ಯನ ಕೈ ಹಾಗೇ ನಿಂತಿತು. ಬಲ್ಬಿಗೂ ಬಳೆ. ತಗಡಿನ ಮಾಡಿನ ಕೆಳಗೆ ಯಾವ ಮೋಡ?

“ಸಿದ್ದಿ, ಆ ಲೈಟ್ ಸುತ್ತ ಏನೈತೆ?”

“ಉಳ. ಇನ್ನೇನಿರ್ತದೆ?” ಎಂದಳು ಹೆಂಡತಿ ಸಿದ್ದಲಿಂಗಮ್ಮ.

“ಬಳೆ ಇಲ್ವಾ? ಬಣ್ಣಬಣ್ಣದ್ದು?”

ಅವಳು ಬಲ್ಬು ನೋಡಿದಳು, ಆಮೇಲೆ ಗಂಡನ ಮುಖ ನೋಡಿದಳು. “ಇಲ್ಲ.”

ಕಣ್ಣೊಳಗೆ ಒತ್ತಡ ಏರಿ ನರ ಸವೆದಿದೆ, ಬೆಳಕಿಗೆ ಬಳೆ ಕಾಣುವುದೂ ಅದರಿಂದಲೇ ಎಂದರು ಮೈಸೂರಿನ ಡಾಕ್ಟರು. ಹೋದ ನೋಟ ಮರಳದು. ಉಳಿದದ್ದನ್ನು ಕಾಯಲು ಹನಿ ಬಿಡಬೇಕು. ಬಿಸಿಲಿನ ತಲೆನೋವೆಂದು ತಿಂಗಳುಗಟ್ಟಲೆ ಹಣೆಗೆ ಟವೆಲ್ ಬಿಗಿದುಕೊಂಡಿದ್ದನ್ನು ಅವನು ಅವರಿಗೆ ಹೇಳಲಿಲ್ಲ.

ಆಮೇಲೆ ಅವನು ಆಕಾಶಕ್ಕೆ ಬೆನ್ನು ಹಾಕಿ ಕೂರತೊಡಗಿದ. ಒಂದು ಮಧ್ಯಾಹ್ನ ಸಿದ್ದಲಿಂಗಮ್ಮ ಓಡಿಬಂದಳು.

“ತಲಕಾಡು ಕಡೆ ಮೋಡ ಎದ್ದೈತೆ.”

“ಎಂಗೈತೆ?”

“ಊಕೋಸು ಒಂದ್ರ ಮ್ಯಾಲೊಂದು ಪೇರ್ಸಿದಂಗೆ.”

“ತಲೆ?”

“ಚಪ್ಪಟೆ. ಕುಲುಮೇಲಿ ಕಬ್ಬಿಣ ಬಡಿಯೋ ಅಡಿಗಲ್ಲು ಇದ್ದಂಗೆ ಒಂದ್ಕಡೆಗೆ ಚಾಚ್ಕೊಂಡದೆ.”

“ಬುಡ?”

“ಬಾಣಲೆ ತಳದಂಗೆ ಕರ್ರಗೆ.”

“ಮುಚ್ಚಿ” ಎಂದ ಕಲ್ಲಯ್ಯ. ನಂಜೇಶ್ ಮೊಬೈಲ್ ತೆಗೆಯಲಿಲ್ಲ. ತಾನೇ ಟಾರ್ಪಾಲಿನ ತುದಿ ಹಿಡಿದು ಎಳೆದ.

ಗಾಳಿ ಬಂತು, ಸಿಡಿಲು ಬಂತು, ನೆಲ್ಲಿಕಾಯಿ ಗಾತ್ರದ ಆಲಿಕಲ್ಲೂ ಬಂತು. ಇಟ್ಟಿಗೆ ಉಳಿಯಿತು. ಶೆಡ್ಡಿನಲ್ಲಿ ಎಲ್ಲರೂ ಕಲ್ಲಯ್ಯನ ಬೆನ್ನು ತಟ್ಟಿದರು. ಅವನು ಹೆಂಡತಿಯ ಕಡೆ ತಿರುಗಿದ.

“ಚೆಂದಾಗಿತ್ತಾ?”

“ಯಾವ್ದು?”

“ಆ ಮೋಡ.”

ಇಷ್ಟು ವರ್ಷದಲ್ಲಿ ಮೋಡದ ಬಗ್ಗೆ ಅವನು ಹಾಗೆ ಕೇಳಿದ್ದೇ ಇಲ್ಲ. ‘ನೀನೇ ನೋಡ್ಬೇಕಿತ್ತು’ ಎಂಬ ಮಾತು ಸಿದ್ದಲಿಂಗಮ್ಮನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು.

“ಚೆಂದಾಗಿತ್ತು” ಎಂದಳಷ್ಟೆ.